ಹತ್ತಿರದ ನೋಡ್ ಬಿಟ್ಟು ದೂರದ್ದಕ್ಕೇ ಅಂಟಿಕೊಳ್ಳುವ ಫೋನ್: ಮನೆಯ ಮೆಶ್ ವೈಫೈನಲ್ಲಿ ದೋಷ ಪತ್ತೆ ಮತ್ತು ಪರಿಹಾರ

ಮೈಸೂರಿನಲ್ಲಿರುವ ನಮ್ಮಕ್ಕ ಬೆಳಗಿನ ಹೊತ್ತು ಅಮೆರಿಕದಲ್ಲಿರುವ ಕನ್ನಡದ ಮಕ್ಕಳಿಗೆ ಫೋನಿನಲ್ಲೇ ಸಂಗೀತ ಪಾಠ ಮಾಡುತ್ತಾಳೆ. ಮನೆ ಮೂವತ್ತು–ನಲವತ್ತರ ಸೈಟಿನದು. ನೆಲಮಹಡಿ, ಅದರ ಮೇಲೊಂದು ಮಹಡಿ, ತಾರಸಿಯಲ್ಲಿ ಒಂದು ರೂಮು. ಒಂದೇ ಹೆಸರಿನ ವೈಫೈ ಹರಡುವ ಹಲವು ಪೆಟ್ಟಿಗೆಗಳ ಜಾಲವೇ ಮೆಶ್, ಅದರ ಒಂದೊಂದು ಪೆಟ್ಟಿಗೆಯೂ ಒಂದು ನೋಡ್. ಫೈಬರ್ ಸಂಪರ್ಕದ ಮುಖ್ಯ ನೋಡ್ ಕೆಳಗಿನ ಹಾಲ್‌ನಲ್ಲಿ ಮೆಟ್ಟಿಲ ಪಕ್ಕಕ್ಕಿದೆ. ಮೊದಲ ಮಹಡಿಯ ನೋಡ್ ಪಾಠದ ಕೋಣೆಯ ಬಾಗಿಲ ಹೊರಗೇ ಇದೆ, ಗೋಡೆಯೊಳಗಿನ ಪೈಪಿನಲ್ಲಿ ಎಳೆದ ಲ್ಯಾನ್ ಕೇಬಲ್ ಅದನ್ನು ಕೆಳಗಿನದಕ್ಕೆ ಜೋಡಿಸುತ್ತದೆ. ಇಷ್ಟಿದ್ದೂ ಪಾಠ ಕೆಡುತ್ತಿತ್ತು.

"ಮಕ್ಕಳು ಹಾಡೋದು ನಂಗೆ ಚೆನ್ನಾಗೇ ಕೇಳ್ಸುತ್ತೆ ಕಣೋ. ನಾನು ಹೇಳ್ಕೊಡೋದು ಅವರಿಗೆ ತುಂಡುತುಂಡಾಗಿ ಹೋಗ್ತಿದೆಯಂತೆ" ಎಂದಳು.

ವೈಫೈ ಸಾಮಾನು ಮಾರುವ ಅಂಗಡಿಯವರ ಮಾತು ಕೇಳಿ ತಾರಸಿ ರೂಮಿಗೆ ಮೂರನೆಯ ನೋಡ್ ತಂದು ಹಾಕಿಯೂ ಆಗಿತ್ತು. ಒಂದಿಷ್ಟೂ ಬದಲಾಗಲಿಲ್ಲ. ಯಾಕೆ ಬದಲಾಗಲಿಲ್ಲ ಎನ್ನುವುದರಲ್ಲೇ ಈ ದೋಷದ ಮೂಲವಿದೆ.

ಅವಳು ಹೇಳಿದ ಇನ್ನೊಂದು ವಿವರ ಸುಳಿವು ಕೊಟ್ಟಿತು. ರಾತ್ರಿ ಮೇಲೆಯೇ ಮಲಗಿ, ಎದ್ದವಳೇ ಪಾಠಕ್ಕೆ ಕೂತ ದಿನ ತೊಂದರೆ ಇಲ್ಲ. ಕೆಳಗೆ ಅಡುಗೆಮನೆಯಲ್ಲಿ ಕಾಫಿ ಕುಡಿದು, ಫೋನ್ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿ ಬಂದ ದಿನ ತೊಂದರೆ. ಕೋಣೆ ಅದೇ, ಕುರ್ಚಿ ಅದೇ, ಫೋನೂ ಅದೇ. ಫೋನ್ ಎಲ್ಲಿಂದ ಬಂತು ಎನ್ನುವುದೊಂದೇ ಬೇರೆ. ಹೀಗೆ ಬಂದ ದಾರಿಯ ಮೇಲೆ ಫಲ ಬದಲಾದರೆ ಅಂಟುವ ದೋಷವನ್ನೇ ಮೊದಲು ಅನುಮಾನಿಸಬೇಕು.

ಫೋನ್ ಯಾವಾಗ ನೋಡ್ ಬದಲಿಸುತ್ತದೆ

ಯಾವ ನೋಡ್‌ಗೆ ಸೇರಬೇಕು, ಯಾವಾಗ ಬಿಡಬೇಕು ಎಂದು ತೀರ್ಮಾನಿಸುವುದು ಫೋನ್. ರೂಟರ್‌ಗೆ ಆ ಅಧಿಕಾರ ಇಲ್ಲ. ಮೆಶ್ ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ನೋಡ್‌ಗಳು ಸಲಹೆ ಕೊಡಬಹುದು, ತೀರಾ ಬೇಕೆಂದರೆ ಹೊರಹಾಕಬಹುದು, ಅಷ್ಟೆ.

ಫೋನ್ ತನ್ನನ್ನು ತಾನು "ನನಗೆ ಹತ್ತಿರ ಯಾವುದು?" ಎಂದು ಕೇಳಿಕೊಳ್ಳುವುದೇ ಇಲ್ಲ. "ಈಗಿರುವುದು ಸಾಲದಷ್ಟು ಕೆಟ್ಟಿದೆಯೇ?" ಎಂದಷ್ಟೇ ಕೇಳಿಕೊಳ್ಳುತ್ತದೆ. ಇಲ್ಲ ಎಂದಾದರೆ ಬೇರೆ ನೋಡ್ ಹುಡುಕಲು ಅದು ಹೊರಡುವುದಿಲ್ಲ. ಹುಡುಕುವುದೆಂದರೆ ಇರುವ ಚಾನೆಲ್ ಬಿಟ್ಟು ಬೇರೆ ಚಾನೆಲ್‌ಗಳಿಗೆ ಕಿವಿಗೊಡುವುದು. ಅದಕ್ಕೆ ಬ್ಯಾಟರಿ ಖರ್ಚಾಗುತ್ತದೆ, ನಡೆಯುತ್ತಿರುವ ಕರೆಗೂ ಅಡ್ಡಿಯಾಗುತ್ತದೆ.

ಈ "ಸಾಲದಷ್ಟು" ಎನ್ನುವುದಕ್ಕೆ ಅಂಕಿ ಇದೆ. ಫೋನಿಗೆ ತಲುಪುವ ಸಿಗ್ನಲ್ ಬಲವನ್ನು ಡಿಬಿಎಂನಲ್ಲಿ ಅಳೆಯುತ್ತಾರೆ, ಆ ಸಂಖ್ಯೆ ಸೊನ್ನೆಗಿಂತ ಕೆಳಗಿರುತ್ತದೆ. ಅಂಥ ಎರಡು ಅಂಕಿಗಳ ನಡುವಿನ ಅಂತರವನ್ನು ಡಿಬಿಯಲ್ಲಿ ಹೇಳುತ್ತಾರೆ. ನೋಡ್ ಪಕ್ಕದಲ್ಲೇ ನಿಂತರೆ -40 ಆಸುಪಾಸು, -65ರವರೆಗೆ ಚೆನ್ನಾಗಿ ನಡೆಯುತ್ತದೆ, -80ರ ಹತ್ತಿರ ಏದುಸಿರು. ಐಫೋನ್ -70 ಡಿಬಿಎಂವರೆಗೆ ಇರುವ ಸಂಪರ್ಕವನ್ನು ಬಿಡುವುದಿಲ್ಲ ಎಂದು ಆ್ಯಪಲ್ ತನ್ನ ದಾಖಲೆಯಲ್ಲಿ ಬರೆದಿದೆ. ಅದಕ್ಕಿಂತ ಕೆಳಗಿಳಿದ ಮೇಲೂ ಹೊಸ ನೋಡ್ ಈಗಿನದಕ್ಕಿಂತ 8 ಡಿಬಿಯಷ್ಟು ಬಲವಾಗಿದ್ದರೆ ಮಾತ್ರ ಹೋಗುತ್ತದೆ. ಆ ಹೊತ್ತಿಗೆ ಡೇಟಾ ಹರಿಯುತ್ತಿಲ್ಲವಾದರೆ 12 ಡಿಬಿ ಬೇಕು. ಆಂಡ್ರಾಯ್ಡ್‌ನಲ್ಲಿ ಈ ಗೆರೆಯನ್ನು ಫೋನ್ ತಯಾರಕರು ಇಡುತ್ತಾರೆ. ನಾನು -75 ಎಂದು ಹಿಡಿದು ಕೆಲಸ ಮಾಡುತ್ತೇನೆ, ಆಮೇಲೆ ಆಯಾ ಫೋನ್ ಹಿಡಿದು ನಡೆದು ನೋಡಿ ಸರಿಮಾಡಿಕೊಳ್ಳುತ್ತೇನೆ.

ಇಷ್ಟು ತಿಳಿದರೆ ಮೂರನೆಯ ನೋಡ್ ಯಾಕೆ ದಂಡವಾಯಿತೆಂದು ತಿಳಿಯುತ್ತದೆ. ಕೆಳಗಿನ ನೋಡ್‌ನ ಸಿಗ್ನಲ್ ಪಾಠದ ಕೋಣೆಯಲ್ಲಿ -66 ಇತ್ತು. ಅದು -70ಕ್ಕೆ ಇಳಿಯದ ಹೊರತು, ಪಕ್ಕದಲ್ಲಿ ಒಂದಲ್ಲ ಹತ್ತು ನೋಡ್ ಇಟ್ಟರೂ ಫೋನ್ ತಲೆಯೆತ್ತಿ ನೋಡುವುದಿಲ್ಲ.

ಮೊದಲ ಹೆಜ್ಜೆ: ನಿಜಕ್ಕೂ ಅಂಟಿದೆಯೇ?

ಬೇರೆ ಕೆಲವು ದೋಷಗಳೂ ಹೊರನೋಟಕ್ಕೆ ಹೀಗೇ ಕಾಣುತ್ತವೆ. ಬೇರ್ಪಡಿಸುವ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ತೊಂದರೆ ಕೊಡುವ ಜಾಗದಲ್ಲೇ ಕೂತು ಫೋನಿನ ವೈಫೈ ಅನ್ನು ಸೆಟ್ಟಿಂಗ್ಸ್ ಒಳಗೆ ಹೋಗಿ ಪೂರ್ತಿ ಆರಿಸಿ, ಐದು ಸೆಕೆಂಡು ಬಿಟ್ಟು ಹಾಕಿ. ಈಗ ಫೋನ್ ಹಳೆಯ ಹಂಗಿಲ್ಲದೆ ಹೊಸದಾಗಿ ನೋಡ್ ಆಯ್ದುಕೊಳ್ಳುತ್ತದೆ. ಹತ್ತಿರದ ನೋಡ್‌ಗೆ ಸೇರಿ ಎಲ್ಲ ಸರಿಹೋದರೆ ಅದು ಅಂಟುವ ದೋಷ. ಮತ್ತೆ ದೂರದ್ದಕ್ಕೇ ಹೋದರೆ ಅಂಟು ಅಲ್ಲ, ಹತ್ತಿರದ ನೋಡ್‌ನಲ್ಲೇ ಏನೋ ಆಗಿದೆ. ಆಗ ಎರಡೂ ನೋಡ್‌ಗಳ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಅಕ್ಷರ ಬಿಡದೆ ಒಂದೇ ಇವೆಯೇ ನೋಡಿ. ಒಂದರಲ್ಲಿ `WPA2`, ಇನ್ನೊಂದರಲ್ಲಿ `WPA3` ಮಾತ್ರ ಇದ್ದರೆ ಫೋನ್ ಅವನ್ನು ಒಂದೇ ಜಾಲ ಎಂದು ಎಣಿಸದೆ ಇರಬಹುದು.

ನಮ್ಮ ಕಡೆ ಮನೆಗಳಲ್ಲಿ ಪದೇಪದೇ ಸಿಗುವ ಇನ್ನೊಂದು ಇದೆ. ಫೈಬರ್ ಕಂಪನಿಯವರು ಹಾಕಿಹೋದ ಪೆಟ್ಟಿಗೆಯ ವೈಫೈ ಇನ್ನೂ ಉರಿಯುತ್ತಲೇ ಇರುತ್ತದೆ. ಮೆಶ್ ತಂದ ಮೇಲೂ ಅದನ್ನು ಯಾರೂ ಆರಿಸಿರುವುದಿಲ್ಲ. ಹಳೆಯ ಹೆಸರಿಗೆ ಸೇರಿಕೊಂಡ ಫೋನ್‌ಗೆ ಮೆಶ್ ಬೇರೆಯೇ ಜಾಲ, ಅಲ್ಲಿಗೆ ಅದು ತಾನಾಗಿ ಜಾರುವುದಿಲ್ಲ. ಆ ಪೆಟ್ಟಿಗೆಯ ವೈಫೈ ಆರಿಸಿ, ಫೋನಿನಲ್ಲಿ ಹಳೆಯ ಹೆಸರನ್ನು `Forget` ಮಾಡಿ. ಬಹಳ ಮನೆಗಳಲ್ಲಿ ಕೆಲಸ ಇಲ್ಲಿಗೇ ಮುಗಿಯುತ್ತದೆ.

ಆರಿಸಿ ಹಾಕಿದಾಗ ಹತ್ತಿರದ ನೋಡ್‌ಗೆ ಸೇರಿತು, ಆದರೆ ವೇಗ ಮೊದಲಿಗಿಂತ ಕಡಿಮೆಯಾಯಿತು ಎನ್ನಿ. ಆಗ ಅಂಟಿದ್ದೇ ಒಳ್ಳೆಯದಾಗಿತ್ತು ಎಂದರ್ಥ. ಕೇಬಲ್ ಇಲ್ಲದೆ ಗಾಳಿಯಲ್ಲೇ ಮುಖ್ಯ ನೋಡ್‌ಗೆ ಜೋಡಿಸಿದ ನೋಡ್‌ಗಳಲ್ಲಿ ಇದು ಸಾಮಾನ್ಯ. ಫೋನ್‌ನಿಂದ ನೋಡ್‌ಗೆ ಸಂಪರ್ಕ ಚೆನ್ನಾಗಿದ್ದರೂ, ಅಲ್ಲಿಂದ ಮುಖ್ಯ ನೋಡ್‌ಗೆ ಹೋಗುವ ದಾರಿ ಸೊರಗಿರುತ್ತದೆ. ಅಕ್ಕನ ತಾರಸಿ ನೋಡ್ ಹೀಗೇ ಇತ್ತು. ಅಂಥ ಕಡೆ ಮೊದಲು ಕೇಬಲ್ ಎಳೆಯಬೇಕು ಅಥವಾ ನೋಡ್ ಜಾಗ ಬದಲಿಸಬೇಕು. ಫೋನನ್ನು ಅತ್ತ ತಳ್ಳುವ ಪ್ರಯತ್ನ ಆಮೇಲಿನದು.

ಯಾವುದಕ್ಕೆ ಸೇರಿದೆ ಎಂದು ನೋಡುವುದು

ಎಲ್ಲ ನೋಡ್‌ಗಳೂ ಒಂದೇ ಹೆಸರು ಸಾರುವುದರಿಂದ ಹೆಸರು ನೋಡಿ ಏನೂ ತಿಳಿಯದು. ಪ್ರತಿ ನೋಡ್‌ನ ಪ್ರತಿ ರೇಡಿಯೋಗೂ `BSSID` ಎಂಬ ಬೇರೆಬೇರೆ ವಿಳಾಸ ಇರುತ್ತದೆ. 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಬ್ಯಾಂಡಿನ ಮೂರು ನೋಡ್ ಇದ್ದರೆ ಆರು ವಿಳಾಸ. ಒಂದೊಂದು ನೋಡ್‌ನ ಪಕ್ಕ ನಿಂತು ಅವನ್ನು ಕಾಗದದಲ್ಲಿ ಬರೆದುಕೊಳ್ಳಿ. ಕೊನೆಯ ಎರಡಂಕಿ ಮಾತ್ರ ಬೇರೆ ಇರುವುದುಂಟು, ಎಚ್ಚರದಿಂದ ಬರೆಯಿರಿ.

ಆಂಡ್ರಾಯ್ಡ್‌ನಲ್ಲಿ `Developer options` ತೆರೆದು `Enable Wi-Fi verbose logging` ಹಾಕಿದರೆ ವೈಫೈ ಪಟ್ಟಿಯಲ್ಲೇ ವಿಳಾಸವೂ ಡಿಬಿಎಂ ಅಂಕಿಯೂ ಕಾಣುತ್ತವೆ. ಸುತ್ತಲಿನ ಎಲ್ಲ ನೋಡ್‌ಗಳ ಬಲ ನೋಡಲು ವೈಫೈ ಅನಲೈಸರ್ ಬಗೆಯ ಆ್ಯಪ್ ಬೇಕು. ಅದೇ ಪಟ್ಟಿಯಲ್ಲಿರುವ `Wi-Fi scan throttling` ಅನ್ನು ಅಳತೆ ಮುಗಿಯುವವರೆಗೆ ಆರಿಸಿಡಿ. ಇಲ್ಲವಾದರೆ ಆ್ಯಪ್‌ಗೆ ಎರಡು ನಿಮಿಷಕ್ಕೆ ನಾಲ್ಕು ಸಲ ಮಾತ್ರ ಹುಡುಕಲು ಅವಕಾಶ. ನೀವು ಕೋಣೆ ದಾಟಿದ ಮೇಲೂ ಪರದೆಯಲ್ಲಿ ಹಳೆಯ ಅಂಕಿಯೇ ಇರುತ್ತದೆ, ಅದನ್ನು ನಂಬಿ ತಪ್ಪು ತೀರ್ಮಾನಕ್ಕೆ ಬರುತ್ತೀರಿ.

ಐಫೋನ್‌ನಲ್ಲಿ ಆ್ಯಪಲ್‌ನದೇ `AirPort Utility` ಆ್ಯಪ್ ಹಾಕಿಕೊಂಡು, ಸೆಟ್ಟಿಂಗ್ಸ್‌ನಲ್ಲಿ ಅದರ `Wi-Fi Scanner` ಆನ್ ಮಾಡಿದರೆ ಸುತ್ತಲಿನ ನೋಡ್‌ಗಳ ಅಂಕಿ ಸಿಗುತ್ತದೆ. ಯಾವುದಕ್ಕೆ ಸೇರಿದೆ ಎನ್ನುವುದನ್ನು ಮಾತ್ರ ರೂಟರ್ ಕಡೆಯಿಂದ ನೋಡುವುದೇ ಸರಿ. ಮೆಶ್ ಆ್ಯಪ್‌ನ ಸಾಧನಗಳ ಪಟ್ಟಿಯಲ್ಲಿ ಯಾವ ಫೋನ್ ಯಾವ ನೋಡ್‌ನಲ್ಲಿದೆ ಎಂದು ಇರುತ್ತದೆ, ಆದರೆ ಆ ಪಟ್ಟಿ ಒಂದೆರಡು ನಿಮಿಷ ಹಿಂದೆ ಬೀಳುವುದುಂಟು.

ಅಕ್ಕನ ಮನೆಯಲ್ಲಿ ಕೆಳಗಿನಿಂದ ಹೊರಟು, ಪ್ರತಿ ಜಾಗದಲ್ಲಿ ಒಂದು ನಿಮಿಷ ನಿಂತು ಬರೆದುಕೊಂಡೆ. ಹಾಲ್‌ನಲ್ಲಿ ಕೆಳಗಿನ ನೋಡ್ -38. ಮೆಟ್ಟಿಲ ತಿರುವಿನಲ್ಲಿ ಕೆಳಗಿನದು -55, ಮೇಲಿನದು -60. ಪಾಠದ ಕುರ್ಚಿಯಲ್ಲಿ ಕೆಳಗಿನದು -66, ಮೇಲಿನದು -48. ಎಲ್ಲವೂ 5 ಗಿಗಾಹರ್ಟ್ಸ್‌ನವು. ಮೇಲಿನದು 18 ಡಿಬಿ ಬಲವಾಗಿದೆ, ಅಂದರೆ ಅರವತ್ತು ಪಟ್ಟಿಗಿಂತ ಹೆಚ್ಚು. ಆದರೂ ಫೋನ್ ಕೆಳಗಿನದರಲ್ಲೇ. ಮಧ್ಯೆ ಆರ್‌ಸಿಸಿ ಸ್ಲ್ಯಾಬ್ ಇದ್ದೂ -66 ಬಂದದ್ದು ಹೇಗೆಂದರೆ, ಸಿಗ್ನಲ್ ಸ್ಲ್ಯಾಬ್ ತೂರಿ ಬರುತ್ತಿರಲಿಲ್ಲ, ಮೆಟ್ಟಿಲಿನ ಬಾಯಿಂದ ಹತ್ತಿ ಬರುತ್ತಿತ್ತು.

-66ರಲ್ಲಿ ಪಾಠ ಯಾಕೆ ಕೆಡಬೇಕು?

ಹಾಗೆ ನೋಡಿದರೆ -66 ಕೆಟ್ಟ ಸಿಗ್ನಲ್ ಅಲ್ಲ. ಇಲ್ಲೇ ಹೆಚ್ಚಿನವರು ದಾರಿ ತಪ್ಪುತ್ತಾರೆ: ಪರದೆಯ ಮೇಲೆ ಗೆರೆಗಳು ತುಂಬಿವೆ, ವೈಫೈ ಸರಿಯಿದೆ, ಇಂಟರ್ನೆಟ್ಟಿನದೇ ತೊಂದರೆ ಎಂದು ಫೈಬರ್ ಕಂಪನಿಗೆ ಫೋನ್ ಮಾಡುತ್ತಾರೆ.

ಫೋನ್ ತೋರಿಸುವುದು ನೋಡ್‌ನ ದನಿ ತನಗೆ ಎಷ್ಟು ಕೇಳುತ್ತಿದೆ ಎಂಬುದನ್ನು ಮಾತ್ರ. ತನ್ನ ದನಿ ನೋಡ್‌ಗೆ ಎಷ್ಟು ಕೇಳುತ್ತಿದೆ ಎಂಬುದು ಅದಕ್ಕೆ ಗೊತ್ತಿರುವುದಿಲ್ಲ. ನೋಡ್ ಗೋಡೆಯ ಕರೆಂಟಿನಲ್ಲಿ ನಡೆಯುತ್ತದೆ, ಜೋರಾಗಿ ಕೂಗಬಲ್ಲದು. ಫೋನ್ ಬ್ಯಾಟರಿ ಉಳಿಸಿಕೊಂಡು ಮೆಲ್ಲಗೆ ಮಾತಾಡುತ್ತದೆ, ಮೇಲಾಗಿ ಅದರ ಆಂಟೆನಾ ಚಿಕ್ಕದು. ದಾರಿಯಲ್ಲಿ ಆಗುವ ನಷ್ಟ ಎರಡು ಕಡೆಗೂ ಒಂದೇ. ಆದ್ದರಿಂದ ಹೊರಡುವಾಗಿನ ವ್ಯತ್ಯಾಸವೇ ತಲುಪುವಾಗಲೂ ಉಳಿಯುತ್ತದೆ.

ಆ ನೋಡ್‌ಗಳಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ರೂಟರ್ ತಂತ್ರಾಂಶ ಹಾಕಿಕೊಟ್ಟವನು ನಾನೇ. ಹಾಗಾಗಿ ಕೆಳಗಿನ ನೋಡ್ ಒಳಗೆ ಹೋಗಿ ಕೇಳಬಹುದಿತ್ತು:

```
iw dev phy1-ap0 station dump
```

ಅಕ್ಕನ ಫೋನಿನ ಸಾಲುಗಳಲ್ಲಿ ಬೇಕಾದವು ಮೂರು:

```
signal:      -78 [-80, -82] dBm
tx bitrate:  390.0 MBit/s VHT-MCS 4 80MHz short GI VHT-NSS 2
rx bitrate:  29.3 MBit/s VHT-MCS 0 80MHz VHT-NSS 1
```

ಇಲ್ಲಿ `tx` ಎಂದರೆ ನೋಡ್‌ನಿಂದ ಫೋನ್‌ಗೆ, `rx` ಎಂದರೆ ಫೋನ್‌ನಿಂದ ನೋಡ್‌ಗೆ. ಫೋನ್‌ಗೆ -66ರಲ್ಲಿ ಕೇಳುತ್ತಿದ್ದ ಸಂಪರ್ಕ, ನೋಡ್‌ಗೆ ಕೇಳುತ್ತಿದ್ದುದು -78ರಲ್ಲಿ. ಹನ್ನೆರಡು ಡಿಬಿ ಅಂತರ. ಇಳಿಯುವ ದಾರಿ 390, ಹತ್ತುವ ದಾರಿ 29.3, ಅದೂ ವೇಗದ ಮೆಟ್ಟಿಲುಗಳಲ್ಲಿ ಅತಿ ಕೆಳಗಿನದಾದ `MCS 0`. ಅಲ್ಲಿಂದ ಕೆಳಗೆ ಮೆಟ್ಟಿಲಿಲ್ಲ. ಅಕ್ಕ ತಾಳ ಹಾಕುತ್ತ ಸ್ವಲ್ಪ ಬಾಗಿದರೆ, ಸ್ಟ್ಯಾಂಡಿನ ಮುಂದೆ ಕೈ ಬಂದರೆ, ಮತ್ತೆ ನಾಲ್ಕೈದು ಡಿಬಿ ಹೋಗುತ್ತದೆ. ಆಗ ದನಿ ಕತ್ತರಿಸುತ್ತದೆ. ಮಕ್ಕಳ ಹಾಡು ಇವಳಿಗೆ ಚೆನ್ನಾಗಿ ಕೇಳುತ್ತದೆ, ಇವಳದು ಅವರಿಗೆ ಕೇಳುವುದಿಲ್ಲ. ಅವಳ ದೂರು ಅಂಕಿಯಲ್ಲಿ ಹಾಗೆಯೇ ಬರೆದಿತ್ತು.

ನಿಮ್ಮ ಮೆಶ್‌ನಲ್ಲಿ ಇಂಥ ಕಮಾಂಡ್ ಕೊಡಲು ಆಗದಿದ್ದರೆ ವೇಗ ಪರೀಕ್ಷೆಯ ಅಪ್‌ಲೋಡ್ ಅಂಕಿ ನೋಡಿ. ನೋಡ್ ಪಕ್ಕ ನಿಂತಾಗ ಎಷ್ಟು, ತೊಂದರೆಯ ಜಾಗದಲ್ಲಿ ಎಷ್ಟು? ಡೌನ್‌ಲೋಡ್ ಅಲ್ಪಸ್ವಲ್ಪ ಇಳಿದು, ಅಪ್‌ಲೋಡ್ ಕುಸಿದುಬಿದ್ದಿದ್ದರೆ ಇದೇ ರೋಗ.

ಪರಿಹಾರ: ದೂರದ ನೋಡ್‌ನ ದನಿ ತಗ್ಗಿಸುವುದು

ದೋಷದ ಮೂಲ ಕಂಡ ಮೇಲೆ ಪರಿಹಾರವೂ ಅಲ್ಲೇ ಇದೆ. ಪಾಠದ ಕುರ್ಚಿಯಲ್ಲಿ ಕೆಳಗಿನ ನೋಡ್‌ನ ಸಿಗ್ನಲ್ ಫೋನಿನ ಗೆರೆಗಿಂತ ಕೆಳಗೆ ಹೋಗಬೇಕು. ನೋಡ್‌ನ ಪ್ರಸಾರ ಶಕ್ತಿಯನ್ನು ಎಷ್ಟು ಡಿಬಿ ಇಳಿಸುತ್ತೀರೋ, ಮನೆಯ ಪ್ರತಿ ಮೂಲೆಯಲ್ಲೂ ಫೋನಿಗೆ ಅಷ್ಟೇ ಡಿಬಿ ಇಳಿಯುತ್ತದೆ. ಕೂಡಿ ಕಳೆದರೆ ಲೆಕ್ಕ ಮುಗಿಯಿತು. ಫೋನ್‌ನಿಂದ ನೋಡ್‌ಗೆ ಹೋಗುವ ದನಿ ಇದರಿಂದ ಒಂದಿಷ್ಟೂ ತಗ್ಗುವುದಿಲ್ಲ. ಶಕ್ತಿ ಇಳಿಸಿದರೆ ವೈಫೈ ಹಾಳಾಗುತ್ತದೆ ಎಂಬ ಭಯಕ್ಕೆ ಇದನ್ನೇ ಉತ್ತರವಾಗಿ ಹೇಳುತ್ತೇನೆ: ಕೇಳಿಸಲಾಗದಷ್ಟು ದೂರದಲ್ಲಿರುವ ಫೋನನ್ನು ಜೋರಾಗಿ ಕೂಗಿ ಹಿಡಿದಿಟ್ಟುಕೊಳ್ಳುವುದರಿಂದ ಯಾರಿಗೂ ಲಾಭವಿಲ್ಲ.

ಕೆಳಗಿನ ನೋಡ್‌ನ 5 ಗಿಗಾಹರ್ಟ್ಸ್ ರೇಡಿಯೋ 23 ಡಿಬಿಎಂನಲ್ಲಿ ನಡೆಯುತ್ತಿತ್ತು. ಅಕ್ಕನ ಐಫೋನಿಗೆ -70 ದಾಟಿದರೆ ಸಾಕು, ಭಾವನ ಆಂಡ್ರಾಯ್ಡ್‌ಗೆ -75 ಬೇಕು. ಕಷ್ಟದ್ದನ್ನೇ ಅಳತೆಗೆ ಇಟ್ಟುಕೊಂಡು 9 ಡಿಬಿ ಇಳಿಸಿದೆ:

```
uci set wireless.radio1.txpower='14'
uci commit wireless
wifi reload
```

ಯಾವುದು `radio0`, ಯಾವುದು `radio1` ಎನ್ನುವುದು ನೋಡ್‌ನಿಂದ ನೋಡ್‌ಗೆ ಬದಲಾಗುತ್ತದೆ, `iw dev` ಕೊಟ್ಟು ಚಾನೆಲ್ ನೋಡಿ ಖಚಿತಪಡಿಸಿಕೊಳ್ಳಿ. ಆ್ಯಪ್‌ನಿಂದ ನಡೆಯುವ ಕೆಲವು ಮೆಶ್‌ಗಳಲ್ಲಿ `High`, `Medium`, `Low` ಎಂದಷ್ಟೇ ಇರುತ್ತದೆ. ಒಂದೊಂದು ಮೆಟ್ಟಿಲು ಇಳಿಸಿ ಮತ್ತೆ ಅಳೆಯಿರಿ.

ಐಫೋನ್ ಕೂಡಲೇ ಬುದ್ಧಿ ಕಲಿಯಿತು. ಮೆಟ್ಟಿಲು ಹತ್ತಿ ಕೋಣೆಗೆ ಬರುವಷ್ಟರಲ್ಲಿ ಮೇಲಿನ ನೋಡ್‌ಗೆ ಹೋಗಿತ್ತು. ಭಾವನ ಫೋನ್ ಮಾತ್ರ ಇನ್ನೂ ಕೆಳಗಿನದರಲ್ಲೇ ಇತ್ತು. ವಿಳಾಸ ನೋಡಿದರೆ ಬೇರೆ: ಅದೇ ಕೆಳಗಿನ ನೋಡ್, ಆದರೆ 2.4 ಗಿಗಾಹರ್ಟ್ಸ್ ರೇಡಿಯೋ.

ಇದು ಈ ದೋಷದ ಎರಡನೆಯ ಪದರ. 2.4 ಗಿಗಾಹರ್ಟ್ಸ್ ಅಲೆ ಬಯಲಿನಲ್ಲೇ 5ಕ್ಕಿಂತ ಸುಮಾರು 7 ಡಿಬಿ ಬಲವಾಗಿ ತಲುಪುತ್ತದೆ. ಗೋಡೆ, ಸ್ಲ್ಯಾಬ್ ಅಡ್ಡ ಬಂದರೆ ವ್ಯತ್ಯಾಸ ಇನ್ನೂ ಹೆಚ್ಚು. ಕುರ್ಚಿಯಲ್ಲಿ ಅದು -58 ಇತ್ತು. ಮೆಟ್ಟಿಲಲ್ಲಿ 5 ಗಿಗಾಹರ್ಟ್ಸ್ ಕುಗ್ಗಿದಾಗ ಫೋನ್ ಹುಡುಕಿದೆ, ಅದೇ ನೋಡ್‌ನ 2.4 ಕೈಗೆ ಸಿಕ್ಕಿದೆ, ಅಲ್ಲಿಗೆ ಹಾರಿದೆ. ಇನ್ನು -58ರಲ್ಲಿ ಕೂತ ಫೋನ್ -75ಕ್ಕೆ ಯಾವಾಗ ಇಳಿಯಬೇಕು? ಮೊದಲಿಗಿಂತ ಗಟ್ಟಿಯಾಗಿ ಅಂಟಿತು.

2.4 ಅನ್ನೂ ಅದೇ ಲೆಕ್ಕದಲ್ಲಿ ಇಳಿಸುವುದಾದರೆ 17 ಡಿಬಿ ಇಳಿಸಬೇಕಿತ್ತು, ಅಂದರೆ 20ರಿಂದ 3 ಡಿಬಿಎಂಗೆ. ಗೇಟಿನಲ್ಲಿರುವ ವೀಡಿಯೊ ಬೆಲ್ ಆ ಬ್ಯಾಂಡಿನಲ್ಲೇ ನಡೆಯುವುದು, ಅದಕ್ಕೆ ಏನೂ ತಲುಪುತ್ತಿರಲಿಲ್ಲ. ಆದ್ದರಿಂದ 2.4ಕ್ಕೆ ಬೇರೆ ಹೆಸರು ಕೊಟ್ಟೆ. ಬೆಲ್, ಟಿವಿ, ಸ್ಮಾರ್ಟ್ ಪ್ಲಗ್‌ಗಳು ಆ ಹೆಸರಿಗೆ. ಫೋನ್‌ಗಳಲ್ಲಿ ಆ ಹೆಸರು ಇಲ್ಲವೇ ಇಲ್ಲ, ಅವಕ್ಕೆ ಕಾಣುವುದು ಮೂರು ನೋಡ್‌ಗಳ 5 ಗಿಗಾಹರ್ಟ್ಸ್ ಮಾತ್ರ. ಮೆಶ್ ಆ್ಯಪ್‌ಗಳಲ್ಲಿ `IoT Network` ಎಂಬ ಆಯ್ಕೆ ಇದ್ದರೆ ಅದರಿಂದ ಇದೇ ಕೆಲಸ ಆಗುತ್ತದೆ, ಆದರೆ ಮುಖ್ಯ ಹೆಸರಿನ 2.4 ಆರಿದೆಯೇ ಎಂದೂ ನೋಡಿ. ಹಳೆಯ ಹೆಸರನ್ನು 2.4ರ ಸಾಮಾನುಗಳಿಗೇ ಬಿಟ್ಟು, ಫೋನ್‌ಗಳಿಗೆ ಹೊಸ ಹೆಸರು ಕೊಡುವುದು ಸುಲಭ. ಇಲ್ಲವಾದರೆ ಬೆಲ್, ಪ್ಲಗ್ ಒಂದೊಂದನ್ನೂ ಮತ್ತೆ ಜೋಡಿಸುತ್ತ ಕೂರಬೇಕು.

ಜಾಗ ಬದಲಿಸುವುದು ಶಕ್ತಿ ಇಳಿಸುವುದಕ್ಕಿಂತ ಮೇಲು

ಮರುದಿನ ಅಕ್ಕ ಹಿತ್ತಲಿನಿಂದ ಕರೆದಳು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಮೊದಲು -65 ಇದ್ದದ್ದು ಈಗ -74. ಆ ಜಾಗಕ್ಕೆ ಬೇರೆ ನೋಡ್ ಇಲ್ಲ. ಶಕ್ತಿ ಇಳಿಸುವುದರ ಮಿತಿ ಇದೇ: ಬೇಡದ ಕಡೆ ಇಳಿಸಹೋದರೆ ಬೇಕಾದ ಕಡೆಯೂ ಇಳಿಯುತ್ತದೆ.

ನಾನು ಮೊದಲು ಮಾಡಬೇಕಾಗಿದ್ದುದನ್ನು ಆಗ ಮಾಡಿದೆ. ಶಕ್ತಿಯನ್ನು ಮತ್ತೆ 23ಕ್ಕೆ ಏರಿಸಿ, ಕೆಳಗಿನ ನೋಡನ್ನು ಮೆಟ್ಟಿಲ ಪಕ್ಕದಿಂದ ತೆಗೆದು ಮೂರು ಮೀಟರ್ ಆಚೆ, ಅಡುಗೆಮನೆ ಕಡೆಯ ಗೋಡೆಗೆ ಹಾಕಿದೆ. ಈಗ ಅದಕ್ಕೂ ಪಾಠದ ಕೋಣೆಗೂ ನಡುವೆ ಮೆಟ್ಟಿಲಿನ ಬಾಯಿ ಇಲ್ಲ, ಸ್ಲ್ಯಾಬೇ ಅಡ್ಡ. ಕುರ್ಚಿಯಲ್ಲಿ -66 ಇದ್ದದ್ದು ಅಷ್ಟಕ್ಕೇ -72 ಆಯಿತು. ಹಿತ್ತಲಿಗೆ ನೋಡ್ ಹತ್ತಿರವಾದ್ದರಿಂದ ಅಲ್ಲಿ -61. ಇನ್ನು 4 ಡಿಬಿ ಇಳಿಸಿ 19ಕ್ಕೆ ತಂದರೆ ಕುರ್ಚಿಯಲ್ಲಿ -76, ಹಿತ್ತಲಲ್ಲಿ -65. ಎರಡೂ ಫೋನ್‌ಗಳ ಗೆರೆ ದಾಟಿತು, ಹಿತ್ತಲೂ ಉಳಿಯಿತು. ಪ್ರಸಾರ ಶಕ್ತಿ ಬದಲಿಸಲು ಬಿಡದ ಮೆಶ್ ಇರುವವರಿಗೆ ಉಳಿದಿರುವುದು ಇದೊಂದೇ ದಾರಿ, ಮತ್ತು ಅದು ಸಣ್ಣ ದಾರಿಯಲ್ಲ. ಹೊಸ ನೋಡ್ ಕೊಳ್ಳುವ ಮುನ್ನ ಇರುವ ನೋಡನ್ನು ಮೆಟ್ಟಿಲು, ಡಕ್ಟ್, ಕಿಟಕಿಗಳ ಎದುರಿನಿಂದ ಸರಿಸಿ ನೋಡಿ.

ಕೆ, ವಿ, ಆರ್ ಮತ್ತು ಹೊರಹಾಕುವುದು

"ಫಾಸ್ಟ್ ರೋಮಿಂಗ್ ಆನ್ ಮಾಡು, ಸರಿಹೋಗುತ್ತದೆ" ಎಂದು ಸಲಹೆ ಕೊಡುವವರು ಬಹಳ. ಅದರೊಳಗೆ ಮೂರು ಬೇರೆ ಸಂಗತಿಗಳಿವೆ. 802.11ಆರ್ ಹೊಸ ನೋಡ್‌ಗೆ ಸೇರುವಾಗಿನ ಕೀಲಿ ವಿನಿಮಯವನ್ನು ಚಿಕ್ಕದು ಮಾಡುತ್ತದೆ. ಹೋಗಲು ಮನಸ್ಸು ಮಾಡಿದ ಫೋನ್‌ಗೆ ಅದರಿಂದ ಅನುಕೂಲ, ಹೊರಡದೇ ಕೂತದ್ದಕ್ಕೆ ಏನೂ ಇಲ್ಲ. ಹಳೆಯ ಪ್ರಿಂಟರ್, ಪ್ಲಗ್‌ಗಳು ಅದು ಆನ್ ಇದ್ದರೆ ಸೇರಲು ಒಲ್ಲೆ ಎನ್ನುವುದೂ ಉಂಟು. 802.11ಕೆ ಅಕ್ಕಪಕ್ಕದ ನೋಡ್‌ಗಳ ಪಟ್ಟಿ ಕೊಡುತ್ತದೆ, ಫೋನ್ ಎಲ್ಲ ಚಾನೆಲ್ ಹುಡುಕಬೇಕಿಲ್ಲ. 802.11ವಿ ಮಾತ್ರ ಅಂಟಿಗೆ ನೇರ ಸಂಬಂಧಪಟ್ಟದ್ದು: "ನೀನು ಅಲ್ಲಿಗೆ ಹೋಗುವುದು ಒಳ್ಳೆಯದು" ಎಂದು ನೋಡ್ ಫೋನ್‌ಗೆ ಹೇಳಬಹುದು. ಕೇಳುವುದು ಬಿಡುವುದು ಫೋನಿಗೆ ಬಿಟ್ಟದ್ದು.

ಓಪನ್‌ಡಬ್ಲ್ಯುಆರ್‌ಟಿ ಬಳಸುವವರು ಎಡವುವುದು ಇಲ್ಲಿ. ಕೆ ಮತ್ತು ವಿ ಆನ್ ಮಾಡುವ `ieee80211k` ಮತ್ತು `bss_transition` ಎರಡಕ್ಕೂ `1` ಕೊಟ್ಟು ಕಾಯುತ್ತಾರೆ, ಏನೂ ಆಗುವುದಿಲ್ಲ. ಆ ಆಯ್ಕೆಗಳು ಬಾಯಿ ತೆರೆಯಲು ಅನುಮತಿ ಕೊಡುತ್ತವೆ, ಮಾತಾಡುವವರು ಬೇರೆ ಬೇಕು. ನೋಡ್‌ಗಳು ಒಂದರ ಪಟ್ಟಿ ಇನ್ನೊಂದಕ್ಕೆ ಹೇಳಿಕೊಂಡು, ಸಲಹೆ ಯಾವಾಗ ಕಳಿಸಬೇಕೆಂದು ನೋಡಿಕೊಳ್ಳಲು `usteer` ಅಥವಾ `dawn` ಪ್ಯಾಕೇಜ್ ಎಲ್ಲ ನೋಡ್‌ಗಳಲ್ಲೂ ಇರಬೇಕು. ಕಳಿಸಿದ ಮೇಲೆ ಫೋನ್ ಏನೆಂದಿತು ಎಂದು `logread -f` ನೋಡಿದರೆ ಗೊತ್ತಾಗುತ್ತದೆ. `BSS-TM-RESP` ಸಾಲಿನಲ್ಲಿ `status_code=0` ಇದ್ದರೆ ಒಪ್ಪಿತು, `1` ಇದ್ದರೆ ಕಾರಣ ಹೇಳದೆ ನಿರಾಕರಿಸಿತು, `7` ಇದ್ದರೆ ಹೋಗಲು ಯೋಗ್ಯ ನೋಡ್ ಕಾಣಲಿಲ್ಲ. ಪದೇಪದೇ 7 ಬಂದರೆ ಫೋನನ್ನು ದೂರಬೇಡಿ, ಹತ್ತಿರದ ನೋಡ್‌ನ ಸಿಗ್ನಲ್ ಅಲ್ಲಿ ನಿಜಕ್ಕೂ ಎಷ್ಟಿದೆ ಅಳೆಯಿರಿ.

ಕೊನೆಯ ಅಸ್ತ್ರ ಹೊರಹಾಕುವುದು: ಫೋನಿನ ಸಿಗ್ನಲ್ ಇಷ್ಟಕ್ಕಿಂತ ಇಳಿದರೆ ನೋಡ್ ತಾನೇ ಸಂಪರ್ಕ ಕಡಿಯುತ್ತದೆ. ಇದನ್ನು ಬಳಸುವುದಾದರೆ ಎರಡು ಸಂಗತಿ ನೆನಪಿರಲಿ. ಇಲ್ಲಿ ಹೋಲಿಸುವುದು ನೋಡ್‌ಗೆ ಕೇಳುವ ಬಲವನ್ನು, ಫೋನ್ ಪರದೆಯಲ್ಲಿ ಕಾಣುವುದನ್ನಲ್ಲ. ಅಕ್ಕನ ಮನೆಯ ಲೆಕ್ಕದಲ್ಲಿ ಇವೆರಡರ ನಡುವೆ 12 ಡಿಬಿ ಇತ್ತು. ಪರದೆ ನೋಡಿ -70 ಎಂದು ಹಾಕಿದರೆ ಪಕ್ಕದ ಕೋಣೆಯವರನ್ನೂ ಹೊರಹಾಕುತ್ತದೆ. ಇನ್ನೊಂದು, ಹೊರಬಿದ್ದ ಫೋನ್‌ಗೆ ಹೋಗಲು ಗಟ್ಟಿ ನೋಡ್ ಇಲ್ಲದಿದ್ದರೆ ಅದು ಮತ್ತೆ ಅಲ್ಲಿಗೇ ಬರುತ್ತದೆ, ಮತ್ತೆ ಹೊರಬೀಳುತ್ತದೆ, ಕೊನೆಗೆ ವೈಫೈ ಸಹವಾಸ ಬಿಟ್ಟು ಮೊಬೈಲ್ ಡೇಟಾಗೆ ಹೋಗುತ್ತದೆ. ಎರಡು ನೋಡ್‌ಗಳ ನಡುವೆ ಎಲ್ಲ ಕಡೆಯೂ ಗಟ್ಟಿ ಸಿಗ್ನಲ್ ಇದೆ ಎಂದು ಅಳೆದು ನೋಡಿದ ಮೇಲೆ, -82ರ ಆಸುಪಾಸಿನಲ್ಲಿ ಇಡುವುದು ಕ್ಷೇಮ. ಅಕ್ಕನ ಮನೆಯಲ್ಲಿ ಅದರ ಅಗತ್ಯ ಬೀಳಲಿಲ್ಲ.

ಸರಿಯಾಯಿತೇ ಎಂದು ನೋಡುವುದು

ತೊಂದರೆ ಹೇಗೆ ಹುಟ್ಟುತ್ತಿತ್ತೋ ಹಾಗೆಯೇ ಪರೀಕ್ಷಿಸಬೇಕು. ಮೇಲೆ ಕೂತು ವೈಫೈ ಆರಿಸಿ ಹಾಕಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಅಕ್ಕ ಅಡುಗೆಮನೆಯಲ್ಲಿ ವೀಡಿಯೊ ಕರೆ ಶುರುಮಾಡಿ, ಮಾತಾಡುತ್ತಲೇ ಮೆಟ್ಟಿಲು ಹತ್ತಿ ಕುರ್ಚಿಯಲ್ಲಿ ಕೂತಳು. ನಾನು ಲ್ಯಾಪ್‌ಟಾಪಿನಲ್ಲಿ ಮೇಲಿನ ನೋಡ್‌ನ `logread -f` ನೋಡುತ್ತಿದ್ದೆ. ಅವಳು ತಿರುವು ದಾಟಿ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ `AP-STA-CONNECTED` ಸಾಲು ಬಂತು, ಪಕ್ಕದಲ್ಲಿ ಅವಳ ಫೋನಿನ ವಿಳಾಸ. ಫೋನ್‌ಗಳು ಪ್ರತಿ ಜಾಲಕ್ಕೂ ಬೇರೆ ಖಾಸಗಿ ವಿಳಾಸ ಬಳಸುವುದರಿಂದ, ಹೆಸರು ಬದಲಿಸಿದ ಮೇಲೆ ಆ ವಿಳಾಸವನ್ನು ಫೋನಿನ ವೈಫೈ ವಿವರದಲ್ಲಿ ಮತ್ತೆ ನೋಡಿಕೊಳ್ಳಬೇಕು. ಕರೆ ಕಡಿಯಲಿಲ್ಲ. ಕುರ್ಚಿಯಲ್ಲಿ ಕೂತ ಮೇಲೆ `station dump` ಕೊಟ್ಟರೆ ನೋಡ್‌ಗೆ ಫೋನ್ -57ರಲ್ಲಿ ಕೇಳುತ್ತಿತ್ತು.

ಇಳಿದು ಬರುವ ದಾರಿಯನ್ನೂ ನೋಡಬೇಕು, ಅದು ಮರೆತುಹೋಗುತ್ತದೆ. ಮೇಲಿನ ನೋಡ್ ಇನ್ನೂ 23ರಲ್ಲೇ ಇತ್ತು. ಕೆಳಗೆ ಬಂದ ಫೋನ್ ಊಟದ ಮೇಜಿನವರೆಗೂ ಅದನ್ನೇ ಹಿಡಿದುಕೊಂಡಿತ್ತು, -69ರಲ್ಲಿ. ಅದನ್ನೂ 19ಕ್ಕೆ ತಂದ ಮೇಲೆ ಮೆಟ್ಟಿಲಿಳಿದು ಹಾಲ್ ದಾಟುವಷ್ಟರಲ್ಲಿ ಬಿಡತೊಡಗಿತು. ಮೂರನೆಯ ನೋಡನ್ನು ತಾರಸಿಯಿಂದ ಕೆಳಗಿಳಿಸಿ ಪೆಟ್ಟಿಗೆಯಲ್ಲಿ ಇಟ್ಟೆವು.